ನಲವತ್ತರ ಹೊಟ್ಟೆಗೆ ಯಾರು ಹೊಣೆ?

"ಮೊದಲು ತಿನ್ನುತ್ತಿದ್ದಷ್ಟೇ ಈಗಲೂ ತಿನ್ನುತ್ತೇನೆ, ಆದರೂ ನಲವತ್ತು ದಾಟಿದ ಮೇಲೆ ತೂಕ ಏರುತ್ತಲೇ ಇದೆ. ವಯಸ್ಸಾದಂತೆ ಮೆಟಬಾಲಿಸಂ ನಿಧಾನವಾಗುತ್ತದೆಯಲ್ಲವೇ?"

ಅರವತ್ತರವರೆಗೆ ಇಲ್ಲ. ಅಮೆರಿಕದ ಸಂಶೋಧಕ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಂಟು ದಿನದ ಕೂಸಿನಿಂದ ಹಿಡಿದು 95 ವರ್ಷದವರವರೆಗೆ 6,400ಕ್ಕೂ ಹೆಚ್ಚು ಜನರ ಕ್ಯಾಲೊರಿ ಖರ್ಚಿನ ಲೆಕ್ಕ ಕೊಟ್ಟರು. ವಿಧಾನ ಸೊಗಸಾಗಿದೆ. ಸ್ವಲ್ಪ ಭಾರವಾದ ಹೈಡ್ರೋಜನ್ ಮತ್ತು ಆಮ್ಲಜನಕವಿರುವ ನೀರನ್ನು ಕುಡಿಸುತ್ತಾರೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಬೀಳುತ್ತದೆ. ಆಮ್ಲಜನಕ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ ಈ ಎರಡರ ವ್ಯತ್ಯಾಸ ನೋಡಿದರೆ, ಮನೆಯಲ್ಲಿ ಎಂದಿನಂತಿದ್ದ ವ್ಯಕ್ತಿ ಎಷ್ಟು ಕ್ಯಾಲೊರಿ ಸುಟ್ಟ ಎಂಬುದು ತಿಳಿಯುತ್ತದೆ. ಮೈಯಲ್ಲಿ ಕೊಬ್ಬನ್ನು ಬಿಟ್ಟು ಉಳಿದ ತೂಕವನ್ನು ಗಣನೆಗೆ ತೆಗೆದುಕೊಂಡಾಗ 20ರಿಂದ 60ರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಕುಸಿತ ಕಾಣಲಿಲ್ಲ. 60ರ ನಂತರ ವರ್ಷಕ್ಕೆ ಸುಮಾರು ಶೇ. 0.7ರಷ್ಟು ಇಳಿಯುತ್ತದೆ.

ಹಾಗಾದರೆ ಸ್ನಾಯು ಕರಗಿದ್ದೇ ಕಾರಣವೇ? ಜಿಮ್‌ಗಳಲ್ಲಿ ಹೇಳುವಷ್ಟು ಅಲ್ಲ. ಸುಮ್ಮನೆ ಕುಳಿತಾಗ ಒಂದು ಕಿಲೋ ಸ್ನಾಯು ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಮೂರು ಕಿಲೋ ಕಳೆದುಕೊಂಡರೂ ನಷ್ಟ ನಲವತ್ತು ಕ್ಯಾಲೊರಿಯ ಆಸುಪಾಸು, ಅಂದರೆ ಎರಡು ಚಮಚ ಸಕ್ಕರೆ. ಹೆಚ್ಚು ಉರಿಸುವವು ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡಗಳು.

ನನ್ನದೇ ಲೆಕ್ಕ ಕೇಳಿ. 27ರಲ್ಲಿ 62 ಕಿಲೋ ಇದ್ದೆ, 45ರಲ್ಲಿ 74. ಕೂಡಿಟ್ಟ ಕೊಬ್ಬನ್ನು 18 ವರ್ಷಗಳಿಗೆ ಹಂಚಿದರೆ ದಿನಕ್ಕೆ ಬರೀ 14 ಕ್ಯಾಲೊರಿ! ಆದರೆ ಇಲ್ಲೊಂದು ಮೋಸವಿದೆ. ದೊಡ್ಡದಾದ ದೇಹವನ್ನು ಸಾಕಲು ಖರ್ಚೂ ಹೆಚ್ಚು, ಕಿಲೋಗೆ ದಿನಕ್ಕೆ ಸುಮಾರು 24 ಕ್ಯಾಲೊರಿ. ಆ 12 ಕಿಲೋ ಉಳಿಯಬೇಕಾದರೆ ಊಟ ಮತ್ತು ಓಡಾಟದ ನಡುವಿನ ಅಂತರ ಹಳೆಯ ದಿನಗಳಿಗಿಂತ ದಿನಕ್ಕೆ 290 ಕ್ಯಾಲೊರಿಯಷ್ಟು ಬದಲಾಗಿರಲೇಬೇಕು. ಹುಡುಕಿದೆ, ಸಿಕ್ಕಿತು. ಬಸ್ ನಿಲ್ದಾಣಕ್ಕೆ ಹೋಗಿ ಬರುವ ನಾಲ್ಕು ಕಿಲೋಮೀಟರ್ ನಡಿಗೆಯನ್ನು ಸ್ಕೂಟರ್ ನುಂಗಿತ್ತು: ಸುಮಾರು 130. ಸಂಜೆಯ ಕಾಫಿಯ ಜೊತೆ ಒಂದು ಹಿಡಿ ಮಿಕ್ಸ್ಚರ್: 150. ಆ ಹಿಡಿಯನ್ನು ನಾನು "ಊಟ" ಎಂದು ಎಣಿಸಿಯೇ ಇರಲಿಲ್ಲ.

ಸ್ನಾಯುವಿನ ಚಿಂತೆ ಬೇಡವೆಂದಲ್ಲ. ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದರೆ ತೂಕದ ಯಂತ್ರ ಹಳೆಯ ಸಂಖ್ಯೆಯನ್ನೇ ತೋರಿಸುತ್ತದೆ, ಪ್ಯಾಂಟು ಮಾತ್ರ ಬಿಗಿಯಾಗುತ್ತದೆ. ನಮ್ಮವರಲ್ಲಿ ಇದು ಸಾಮಾನ್ಯ. ಆದ್ದರಿಂದ ಟೇಪು ಹಿಡಿದು ಸೊಂಟ ಅಳೆಯಿರಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ತೂಕ ಎಷ್ಟೇ ಇರಲಿ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ತೂಕದ ಜೊತೆಗೆ ಸುಸ್ತು, ಮಲಬದ್ಧತೆ, ಎಲ್ಲರಿಗಿಂತ ಹೆಚ್ಚು ಚಳಿ ಸೇರಿಕೊಂಡಿದ್ದರೆ ಮಿಕ್ಸ್ಚರ್ ಡಬ್ಬಿಯನ್ನು ದೂರುವ ಮೊದಲು ಥೈರಾಯ್ಡ್ ಪರೀಕ್ಷೆಯಾಗಲಿ.