ನಲವತ್ತು ಸೆಕೆಂಡು ಆದ ಮೇಲೆ ಕೆಡುತ್ತಿದ್ದ ರಿಲೇ

ನಮ್ಮ ಕೊನೇ ವರ್ಷದ ಪ್ರಾಜೆಕ್ಟು ಟೊಮೆಟೊ ತೋಟಕ್ಕೆ ತಾನಾಗಿ ನೀರು ಬಿಡೋದು. ಕೋಲಾರದ ಹುಡುಗರು ಇನ್ನೇನು ಮಾಡ್ತಾರೆ, ಅಲ್ವಾ? ಮಣ್ಣು ಒಣಗಿದೆ ಅಂತ ಸೆನ್ಸರ್ ಹೇಳಿದರೆ ಆರ್ಡುಯಿನೋ ಊನೋ ಬೋರ್ಡು ರಿಲೇ ಆನ್ ಮಾಡುತ್ತದೆ. ವಾಲ್ವ್ 10 ಸೆಕೆಂಡು ತೆರೆದು ಮುಚ್ಚುತ್ತದೆ. ಆಗಲೂ ಒಣಗಿದ್ದರೆ ಮತ್ತೆ 10 ಸೆಕೆಂಡು.

ಒಪ್ಪಿಸುವ ಹಿಂದಿನ ರಾತ್ರಿ, ಟೇಕಲ್ ರಸ್ತೆಯ ರೂಮಿನಲ್ಲಿ ಎಲ್ಲವನ್ನೂ ಡಬ್ಬಿಗೆ ಕೂರಿಸಿ ಅಡಾಪ್ಟರ್ ಸಿಕ್ಕಿಸಿದೆವು. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಆಮೇಲೆ ರಿಲೇ ಟಕ್ ಟಕ್ ಅಂತ ಬಡಿದುಕೊಳ್ಳತೊಡಗಿತು. ವಾಲ್ವ್ ತೆರೆಯುವಷ್ಟರಲ್ಲೇ ಮುಚ್ಚುತ್ತಿತ್ತು.

ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸೀರಿಯಲ್ ಮಾನಿಟರ್ ತೆರೆದರೆ ಎಲ್ಲ ಸರಿ. ಮತ್ತೆ ಅಡಾಪ್ಟರಿಗೆ ಹಾಕಿದರೆ ಅದೇ ಗೋಳು. ಹಾಗಾಗಿ ಅಡಾಪ್ಟರ್ ಮೇಲೆ ಅನುಮಾನ ಬಂತು. ಪವರ್ ಬ್ಯಾಂಕ್ ಹಾಕಿ ನೋಡಿದೆವು, ವಾಲ್ವಿನ ವೈರೇ ಬಿಚ್ಚಿ ನೋಡಿದೆವು. ಟಕ್ ಟಕ್ ನಿಲ್ಲಲಿಲ್ಲ.

ರೂಮ್‌ಮೇಟಿಗೆ ರೇಗಿಹೋಯಿತು. "ಲೋ ಮಗಾ, ಮುಟ್ಟಬೇಡ, ಸುಮ್ನೆ ಓಡಕ್ಕೆ ಬಿಡು" ಅಂದ. ಮಾನಿಟರ್ ತೆರೆದಿಟ್ಟು ಕಾದೆವು. ಸುಮಾರು 41ನೇ ಸೆಕೆಂಡಿಗೆ ಲ್ಯಾಪ್‌ಟಾಪಿನಲ್ಲೂ ಶುರುವಾಯಿತು! ಸೀರಿಯಲ್ ಮಾನಿಟರ್ ತೆರೆದ ಕೂಡಲೇ ಊನೋ ರೀಸೆಟ್ ಆಗುತ್ತದೆ. ಅಂದರೆ ತಪ್ಪು ಹುಡುಕಲು ಹೋದಾಗಲೆಲ್ಲ ಗಡಿಯಾರ ಸೊನ್ನೆಯಿಂದ ಶುರು. ಅರ್ಧ ನಿಮಿಷ ನೋಡಿ ಮುಚ್ಚುತ್ತಿದ್ದ ನಮಗೆ ಅದು ಸಿಗುವುದಾದರೂ ಹೇಗೆ?

ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡು ಆಯಿತು ಅಂತ `millis()` ಹೇಳುತ್ತದೆ. ಕೋಡಿನಲ್ಲಿ ಸಮಯ ನೋಡುವ ಸಾಲುಗಳು ಇವು:

```
int start;
start = millis();
if (millis() - start >= 10000) valveOff();
```

`start` ಪ್ರಿಂಟ್ ಮಾಡಿಸಿದೆವು. 40810 ಇರಬೇಕಾದ ಕಡೆ -24726 ಬಂತು. ಊನೋದಲ್ಲಿ `int` 16 ಬಿಟ್, 32767 ದಾಟಿದರೆ ಮೈನಸ್‌ಗೆ ಬೀಳುತ್ತದೆ. 40810ರಲ್ಲಿ ಮೈನಸ್ ಸಂಖ್ಯೆಯನ್ನು ಕಳೆದರೆ ಕೂಡಿದಂತಾಗಿ 65536 ಬರುತ್ತದೆ. ಆಗ ತಾನೇ ತೆರೆದ ವಾಲ್ವು 65 ಸೆಕೆಂಡು ತೆರೆದಿದೆ ಅಂತ ಬೋರ್ಡು ತಿಳಿದು ತಕ್ಷಣ ಮುಚ್ಚುತ್ತದೆ. ಕೋಡು ಸೀನಿಯರ್ ಒಬ್ಬರದು. ಅವರು ಬರೆದದ್ದು ಇಎಸ್‌ಪಿ32 ಬೋರ್ಡಿಗೆ. ಅಲ್ಲಿ `int` 32 ಬಿಟ್, ಹಾಗಾಗಿ ಅವರಿಗೆ ಈ ಕಾಟ ಇರಲಿಲ್ಲ.

`int` ತೆಗೆದು `unsigned long` ಹಾಕಿದೆವು, ಅಷ್ಟೇ. ಬೆಳಗಿನವರೆಗೂ ರೀಸೆಟ್ ಮಾಡದೆ ಓಡಿಸಿದೆವು.

ವೈವಾದಲ್ಲಿ ಸರ್ ಕೇಳಿದರು: "`millis()` 49 ದಿನ ಚಿಲ್ಲರೆಗೆ ಮತ್ತೆ ಸೊನ್ನೆಯಾಗುತ್ತಲ್ಲ, ಆಗೇನ್ರಪ್ಪಾ?" ಗಡಿಯಾರದಲ್ಲಿ 11ರಿಂದ 2ಕ್ಕೆ ಮೂರು ಗಂಟೆ ಅಂತ ಎಣಿಸುತ್ತೇವಲ್ಲ, ಹಾಗೇ `unsigned` ಕಳೆಯುವಿಕೆ ಸರಿಯಾಗೇ ಬರುತ್ತದೆ ಅಂದೆವು. ಅದನ್ನು ಒಪ್ಪಿದರು.

"ಬೋರ್‌ವೆಲ್ ಬತ್ತಿದ್ರೆ?" ಅಂತ ಇನ್ನೊಂದು ಕೇಳಿದರು. ಮಣ್ಣು ಒಣಗಿದಷ್ಟೂ ಹೊತ್ತು ನಮ್ಮ ವಾಲ್ವ್ ಹತ್ತತ್ತು ಸೆಕೆಂಡು ತೆರೆಯುತ್ತಲೇ ಇರುತ್ತದೆ, ನೀರು ಬರಲಿ ಬಿಡಲಿ. ಅದಕ್ಕೆ ಎರಡು ಮಾರ್ಕ್ಸ್ ಹೋಯಿತು.