ಮುಳ್ಳು 0.9ಕ್ಕೇ ನಿಂತಾಗ

ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರಿದ ವರ್ಷ ನಡೆದದ್ದು. ಸತು-ತಾಮ್ರದ ಕೋಶ ಮಾಡಿಸುತ್ತಿದ್ದೆ. ಒಂದು ಬೀಕರ್‌ನಲ್ಲಿ 0.1 ಮೋಲಾರ್ ಜಿಂಕ್ ಸಲ್ಫೇಟ್, ಅದರೊಳಗೆ ಸತುವಿನ ಪಟ್ಟಿ. ಇನ್ನೊಂದರಲ್ಲಿ ಅಷ್ಟೇ ಸಾಂದ್ರತೆಯ ಕಾಪರ್ ಸಲ್ಫೇಟ್, ತಾಮ್ರದ ಪಟ್ಟಿ. ನಡುವೆ ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ನೆನೆಸಿದ ಫಿಲ್ಟರ್ ಪೇಪರ್, ಅದೇ ಲವಣ ಸೇತುವೆ.

ಕೋಶದ ವೋಲ್ಟೇಜ್ E ಎಷ್ಟು ಬರಬೇಕು ಅನ್ನುವ ಲೆಕ್ಕ ಸುಲಭ:

E = 1.10 − 0.0296 × log([Zn²⁺]/[Cu²⁺])

ಎರಡೂ ಕಡೆ ಸಾಂದ್ರತೆ ಒಂದೇ ಆದರೆ ಲಾಗ್ ಸೊನ್ನೆ. 1.10 ವೋಲ್ಟ್ ಬರಬೇಕು. ನಮ್ಮ ಹಳೆಯ ಮುಳ್ಳಿನ ವೋಲ್ಟ್‌ಮೀಟರ್ ತೋರಿಸಿದ್ದು ಸುಮಾರು 0.9. ಸತುವಿನ ಮೇಲೆ ಆಕ್ಸೈಡ್ ಕೂತಿರಬೇಕು ಅಂದುಕೊಂಡು ಸ್ಯಾಂಡ್ ಪೇಪರ್ ಹಾಕಿ ಉಜ್ಜಿಸಿದೆ, ದ್ರಾವಣ ಹೊಸದಾಗಿ ಮಾಡಿಸಿದೆ. ಮುಳ್ಳು ಜಗ್ಗಲಿಲ್ಲ. ಅಷ್ಟರಲ್ಲಿ ಹುಡುಗರು ರೆಕಾರ್ಡ್‌ನಲ್ಲಿ ಸುಮ್ನೆ 1.10 ಅಂತ ಬರೆದಾಗಿತ್ತು!

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಪೇಪರ್ ಹರಿದೀತು ಅಂತ ಒಬ್ಬಳು ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟಳು. ಮುಳ್ಳು 1 ವೋಲ್ಟ್ ಹತ್ತಿರ ಹೋಯಿತು. ಸೇತುವೆ ಅಗಲವಾದ ಮಾತ್ರಕ್ಕೆ ವೋಲ್ಟೇಜ್ ಏರಿತು ಅಂದರೆ ತಪ್ಪು ಲೋಹದಲ್ಲಿಲ್ಲ, ಕೋಶದ ಒಳಗಿನ ರೋಧದಲ್ಲಿದೆ. ಮುಳ್ಳು ತಿರುಗಬೇಕಾದರೆ ಕರೆಂಟ್ ಬೇಕು, ಅದನ್ನು ಕೋಶವೇ ಕೊಡಬೇಕು. ಮೀಟರಿನ ರೋಧ 1000 ಓಮ್, ಸೇತುವೆಯದು 200 ಓಮ್ ಅಂತ ಇಟ್ಟುಕೊಳ್ಳಿ. 1.10 × 1000/1200, ಅಂದರೆ 0.92. ಸೇತುವೆ 100 ಓಮ್‌ಗೆ ಇಳಿದರೆ ಸರಿಯಾಗಿ 1.0. ಕರೆಂಟನ್ನೇ ಹೆಚ್ಚುಕಮ್ಮಿ ಎಳೆಯದ ಡಿಜಿಟಲ್ ಮಲ್ಟಿಮೀಟರ್ ತಂದು ಹಚ್ಚಿದೆ. 1.09.

ಆಮೇಲೆ 10 ಮಿಲಿ ಕಾಪರ್ ಸಲ್ಫೇಟ್‌ಗೆ ನೀರು ಸೇರಿಸಿ 100 ಮಿಲಿ ಮಾಡಿದೆವು. ತಾಮ್ರ ಹತ್ತನೇ ಒಂದು ಪಾಲಾಯಿತು, ವೋಲ್ಟೇಜೂ ಹಾಗೇ ಇಳಿಯುತ್ತೆ ಅಂತ ಅರ್ಧ ತರಗತಿಯ ಊಹೆ. ಸೂತ್ರದ ಪ್ರಕಾರ ಇಳಿಯಬೇಕಾದ್ದು ಬರೀ 30 ಮಿಲಿವೋಲ್ಟ್. ಮುಳ್ಳಿನ ಮೀಟರ್‌ನಲ್ಲಿ ಇದು ಕಾಣುವುದೇ ಕಷ್ಟ. ಮಲ್ಟಿಮೀಟರ್‌ನಲ್ಲಿ ಇಳಿದಿದ್ದು 17, 18.

ಇದು ತಪ್ಪಲ್ಲ. ಸೂತ್ರಕ್ಕೆ ನಿಜಕ್ಕೂ ಬೇಕಾದದ್ದು ಸಾಂದ್ರತೆಯಲ್ಲ, ಅಯಾನುಗಳ ಪರಿಣಾಮಕಾರಿ ಸಾಂದ್ರತೆ. 0.1 ಮೋಲಾರ್ ಕಾಪರ್ ಸಲ್ಫೇಟ್‌ನಲ್ಲಿ ತಾಮ್ರ ಮತ್ತು ಸಲ್ಫೇಟ್ ಒಂದನ್ನೊಂದು ಎಷ್ಟು ಹಿಡಿದಿಟ್ಟಿರುತ್ತವೆ ಅಂದರೆ, ಲೆಕ್ಕಕ್ಕೆ ಬರುವುದು ಅದರ ಸುಮಾರು 15% ಮಾತ್ರ. 0.01 ಮೋಲಾರ್‌ನಲ್ಲಿ ಸುಮಾರು 40%. ಹಾಗಾಗಿ ನೀರು ಬೆರೆಸಿದ್ದು ಹತ್ತು ಪಟ್ಟಾದರೂ ಪರಿಣಾಮ ಇಳಿದಿದ್ದು ನಾಲ್ಕು ಪಟ್ಟಿಗಿಂತ ಕಡಿಮೆ. ಮೊದಲ ಅಳತೆಯಲ್ಲಿ ಇದು ಕಾಣಲಿಲ್ಲ ಯಾಕೆ? ಎರಡೂ ಸಲ್ಫೇಟ್‌ಗಳು ಒಂದೇ ಥರ, ಒಂದೇ ಸಾಂದ್ರತೆ. ಕೊರತೆ ಎರಡೂ ಕಡೆ ಹೊಡೆದುಹೋಗಿತ್ತು, ಅಷ್ಟೇ.

ಈಗ ರೆಕಾರ್ಡ್‌ನಲ್ಲಿ ಲೆಕ್ಕದ ಬೆಲೆಗೊಂದು ಕಾಲಂ, ಮೀಟರಿನ ಬೆಲೆಗೊಂದು ಕಾಲಂ. ಅಳತೆಯದ್ದನ್ನು ಪೆನ್ನಿನಲ್ಲೇ ಬರೆಯಬೇಕು, ಪೆನ್ಸಿಲ್ ನಡೆಯಲ್ಲ.