ಜ್ವರ ಬಿಟ್ಟ ಮೂರು ತಿಂಗಳಿಗೆ ಉದುರುವ ಕೂದಲು

"ಡಾಕ್ಟ್ರೇ, ಜ್ವರ ಇದ್ದಾಗ ಕೂದಲಿಗೆ ಏನೂ ಆಗಿರಲಿಲ್ಲ. ಈಗ ಆರಾಮಾಗಿದ್ದೀನಿ, ಈಗ ಯಾಕೆ ಹಿಡಿ ಹಿಡಿ ಉದುರ್ತಿದೆ? ಎಣ್ಣೆ ಬದಲಾಯಿಸಿದ್ದಕ್ಕಾ?"

ಎಣ್ಣೆಯ ತಪ್ಪಲ್ಲ. ಆ ಹಳೇ ಜ್ವರದ್ದೇ ಕೆಲಸ.

ನವೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ಹೆಣ್ಣುಮಗಳೊಬ್ಬರು ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದಿದ್ದರು. ಜುಲೈ ಮಳೆಯಲ್ಲಿ ಡೆಂಗಿ ಆಗಿತ್ತು. ಅಕ್ಟೋಬರಿನಿಂದ ಕೂದಲು ಉದುರುತ್ತಿತ್ತು. ಬಚ್ಚಲಿನಲ್ಲಿ ಸಿಕ್ಕಿದ್ದನ್ನೆಲ್ಲ ಪೇಪರಿನಲ್ಲಿ ಸುತ್ತಿ ತಂದಿದ್ದರು. ಒಂದೆಳೆ ತೆಗೆದು ತೋರಿಸಿದೆ. ಬುಡದಲ್ಲಿ ರವೆ ಕಾಳಿಗಿಂತ ಚಿಕ್ಕ ಬಿಳಿ ಗಂಟು. "ಬೇರೇ ಕಿತ್ತು ಬಂದಿದೆ" ಅಂತ ಅವರಿಗೆ ಗಾಬರಿ. ಅದು ಬೇರಲ್ಲ. ಕೂದಲು ಹುಟ್ಟುವ ಜಾಗ ಚರ್ಮದೊಳಗೇ ಉಳಿದಿರುತ್ತದೆ. ಬೆಳವಣಿಗೆ ನಿಲ್ಲಿಸಿ, ಸುಮ್ಮನಿದ್ದು, ಆಮೇಲೆ ಬಿದ್ದ ಕೂದಲಿನ ಗುರುತು ಆ ಗಂಟು.

ಒಂದು ಕೂದಲು ಕೆಲವು ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು ಬೀಳುತ್ತದೆ. ಹತ್ತರಲ್ಲಿ ಒಂದು ಕೂದಲು ಯಾವಾಗಲೂ ಹೀಗೆ ಸುಮ್ಮನಿರುತ್ತದೆ, ಹಾಗಾಗಿ ದಿನಕ್ಕೆ 50ರಿಂದ 100 ಬೀಳುವುದು ಮಾಮೂಲಿ. ಜೋರು ಜ್ವರ ಬಂದರೆ ಇನ್ನೂ ಎಷ್ಟೋ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಮೂರು ತಿಂಗಳಾದ ಮೇಲೆ ಬೀಳುವುದೂ ಒಟ್ಟಿಗೇ.

ಹೆರಿಗೆಯಲ್ಲೂ ಲೆಕ್ಕ ಇದೇ. ಬಸಿರಿನಲ್ಲಿ ಹಾರ್ಮೋನು ಕೂದಲನ್ನು ಹಿಡಿದಿಟ್ಟಿರುತ್ತದೆ. ಹೆರಿಗೆಯಾದ ಕೂಡಲೇ ಅದು ಇಳಿಯುತ್ತದೆ. ಬಾಣಂತನ ಮುಗಿಸಿ ತವರಿನಿಂದ ಹೊರಡುವ ಹೊತ್ತಿಗೆ ಸರಿಯಾಗಿ ಉದುರಲು ಶುರು. "ಗಂಡನ ಮನೆ ನೀರು ಒಗ್ಗಲಿಲ್ಲ" ಅನ್ನುತ್ತಾರೆ. ಪಾಪ, ಆ ಬಾವಿ ನೀರಿನ ತಪ್ಪೇನೂ ಇಲ್ಲ.

ಜೊತೆಗೆ ಬಂದಿದ್ದ ಅಮ್ಮ "ನನಗೂ ಇದೇ ಆಗಿದೆ ನೋಡಿ" ಅಂದರು. ಅವರದ್ದು ಬೇರೆ. ಬಾಚಣಿಗೆಯಲ್ಲಿ ಬರುವುದು ನಾಲ್ಕೇ ಎಳೆ. ಆದರೆ ನೆತ್ತಿಯಲ್ಲಿ ಬೈತಲೆ ಅಗಲವಾಗಿತ್ತು, ಅಲ್ಲಿನ ಕೂದಲು ನೂಲಿನ ಹಾಗೆ ಸಣ್ಣ. ಮಗಳ ಬೈತಲೆ ನೆತ್ತಿಯಲ್ಲೂ ಹಿಂದೆಯೂ ಒಂದೇ ಅಗಲ. ಹಣೆಯಂಚಿನಲ್ಲಿ ಉಗುರುದ್ದದ ಚೂಪು ತುದಿಯ ಹೊಸ ಕೂದಲು ನಿಂತಿತ್ತು. ಮಗಳದ್ದು ತಾನಾಗಿ ನಿಲ್ಲುತ್ತದೆ. ಅಮ್ಮನಂಥದ್ದು ನಿಲ್ಲುವುದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ತೆಳುವಾಗುತ್ತಾ ಹೋಗುತ್ತದೆ. ಅದಕ್ಕೆ ಮಿನಾಕ್ಸಿಡಿಲ್ ಥರದ ಔಷಧಿ ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಕಾಯಬೇಡಿ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್ ನೋಡಿಸಿ. ಬಾಣಂತಿಯರಿಗೆ ಜಾಸ್ತಿ ಸುಸ್ತು, ಎದೆ ಡವಡವ ಇದ್ದರೆ ಥೈರಾಯ್ಡನ್ನು ಆಗಲೇ ನೋಡಿಸಬೇಕು. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು. ನಾಣ್ಯದಗಲ ಬೋಳಾದರೆ, ನೆತ್ತಿ ಉರಿದು ಹೊಟ್ಟೆದ್ದರೆ ಅವತ್ತೇ ತೋರಿಸಿ.

ಆ ಮಗಳಿಗೆ ನಾನು ಔಷಧಿ ಕೊಡಲಿಲ್ಲ. ಶಿವರಾತ್ರಿ ಹೊತ್ತಿಗೆ ಬಂದಾಗ ಉದುರುವುದು ನಿಂತಿತ್ತು, ಜಡೆ ಮಾತ್ರ ಇನ್ನೂ ತೆಳ್ಳಗೇ ಇತ್ತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಹಣೆಯ ಮೇಲೆ ನಿಂತಿದ್ದ ಆ ಗಿಡ್ಡ ಕೂದಲು ಜಡೆಗೆ ಸೇರಲು ವರ್ಷದ ಮೇಲೇ ಬೇಕು ಅಂತ ಹೇಳಿ ಕಳಿಸಿದೆ.